ಗರ್ಭಕೋಶ ಹೋಯಿತು, ಅಂಡಾಶಯ ಇದೆಯಾ? ಮುಟ್ಟು ನಿಲ್ಲುವ ವಯಸ್ಸಿನ ಲೆಕ್ಕ

"ನನಗೆಲ್ಲಿಯ ಮುಟ್ಟು ನಿಲ್ಲೋ ತೊಂದರೆ? ಗರ್ಭಕೋಶ ತೆಗೆಸಿ ಆಗಲೇ ಏಳು ವರ್ಷ ಆಯ್ತಲ್ಲ."

ಈ ಮಾತನ್ನು ನೀವೂ ಕೇಳಿರುತ್ತೀರಿ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಹೆಂಗಸರು ಇದನ್ನು ತುಂಬಾ ಸಹಜವಾಗಿ ಹೇಳುತ್ತಾರೆ. ಆದರೆ ಇದರೊಳಗೆ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಮುಟ್ಟು ಬರುವುದು ಗರ್ಭಕೋಶದಿಂದ, ನಿಜ. ಆದರೆ ಮುಟ್ಟನ್ನು ನಡೆಸುವುದು ಅಂಡಾಶಯ. ರಕ್ತ ಕಾಣಿಸುವುದು ನಿಂತಿತು ಎನ್ನುವುದು ಒಂದು ವಿಷಯ, ಅಂಡಾಶಯ ಕೆಲಸ ನಿಲ್ಲಿಸಿತು ಎನ್ನುವುದು ಇನ್ನೊಂದು. ಮೂಳೆ, ಹೃದಯ, ನಿದ್ದೆ ಎಲ್ಲಕ್ಕೂ ಸಂಬಂಧ ಇರುವುದು ಎರಡನೆಯದಕ್ಕೆ. ಇದನ್ನು ಬಿಡಿಸಿಕೊಂಡರೆ ಸರಾಸರಿ ವಯಸ್ಸು ಎಷ್ಟು, ಬೀಡಿ ಹೊಗೆ ಏನು ಮಾಡುತ್ತದೆ, ಅಮ್ಮನ ವಯಸ್ಸು ಯಾಕೆ ಕೇಳುತ್ತಾರೆ, ಆಪರೇಷನ್ ಆದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಗಳೆಲ್ಲ ಒಂದೇ ದಾರದಲ್ಲಿ ಸಿಗುತ್ತವೆ.

ಒಬ್ಬ ಹೆಂಗಸನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ರತ್ನ ಅನ್ನೋಣ. ಹೆಸರು ಕಲ್ಪಿತ, ಆದರೆ ಅವಳ ಕಥೆಯ ಒಂದೊಂದು ವಿವರವೂ ನಮ್ಮ ಸುತ್ತ ನಡೆಯುವಂಥದ್ದೇ. ರತ್ನಳಿಗೆ ಈಗ 44. ಎರಡು ಮಕ್ಕಳು. 37ರಲ್ಲಿ ತಿಂಗಳಿಗೆ ಹತ್ತು ಹನ್ನೆರಡು ದಿನ ಮುಟ್ಟು ಹೋಗುತ್ತಿತ್ತು. ಸ್ಕ್ಯಾನ್‌ನಲ್ಲಿ ಗರ್ಭಕೋಶದಲ್ಲಿ ಗಡ್ಡೆ ಕಂಡಿತು. ಗರ್ಭಕೋಶ ತೆಗೆದರು. ಅವಳ ಗಂಡ ಮನೆಯೊಳಗೇ ಬೀಡಿ ಸೇದುತ್ತಾನೆ, ಮದುವೆಯಾದಾಗಿನಿಂದ. ಅವಳ ಅಮ್ಮನಿಗೆ 42ಕ್ಕೇ ಮುಟ್ಟು ನಿಂತಿತ್ತು. ಈ ಮೂರು ಸಂಗತಿಗಳನ್ನು ರತ್ನಳ ಮುಂದೆ ಯಾರೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

46 ಎಂದರೆ ಏನು, 51 ಎಂದರೆ ಏನು

ಮುಟ್ಟು ನಿಂತಿದೆ ಎಂದು ಹೇಳಲು ವೈದ್ಯರು ಒಂದು ವರ್ಷ ಕಾಯುತ್ತಾರೆ. ಸತತ 12 ತಿಂಗಳು ಮುಟ್ಟಾಗದಿದ್ದರೆ, ಅದಕ್ಕೆ ಬೇರೆ ಕಾರಣ ಇಲ್ಲದಿದ್ದರೆ, ಕೊನೆಯ ಮುಟ್ಟಿನ ದಿನವನ್ನೇ ಋತುಬಂಧದ ದಿನ ಎಂದು ಹಿಂದಕ್ಕೆ ಹೋಗಿ ಲೆಕ್ಕ ಹಾಕುತ್ತಾರೆ. ಅಂದರೆ ಆ ದಿನ ಅದು ಕೊನೆಯದು ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೆ ಮುಂಚಿನ ಕೆಲವು ವರ್ಷ ಮುಟ್ಟು ಏರುಪೇರಾಗುತ್ತದೆ. ಒಂದು ತಿಂಗಳು ಬೇಗ, ಮುಂದಿನದು ಎರಡು ತಿಂಗಳಿಗೆ, ಒಮ್ಮೆ ಜಾಸ್ತಿ, ಒಮ್ಮೆ ಕಲೆಯಷ್ಟೇ.

ಅಮೆರಿಕ, ಬ್ರಿಟನ್‌ನಂಥ ದೇಶಗಳಲ್ಲಿ ಸಹಜವಾಗಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51ರ ಆಸುಪಾಸು. ಭಾರತದ ಸಮೀಕ್ಷೆಗಳಲ್ಲಿ ಅದು ಹೆಚ್ಚಾಗಿ 46, 47ರ ಸುತ್ತ ಬರುತ್ತದೆ. ನಾಲ್ಕೈದು ವರ್ಷದ ಅಂತರ ಸಣ್ಣದಲ್ಲ. ಬಡತನ, ಚಿಕ್ಕಂದಿನ ಅಪೌಷ್ಟಿಕತೆ, ತಂಬಾಕು ಇವೆಲ್ಲ ಇದರಲ್ಲಿ ಸೇರಿವೆ ಎನ್ನುತ್ತಾರೆ.

ಆದರೆ ಆ ಸಂಖ್ಯೆಯನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು. ನಮ್ಮ ದೊಡ್ಡ ಸಮೀಕ್ಷೆಯಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 49 ವರ್ಷದವರೆಗಿನ ಹೆಂಗಸರನ್ನು ಮಾತ್ರ ಮಾತನಾಡಿಸುತ್ತದೆ. 51ಕ್ಕೆ ನಿಲ್ಲುವವಳು ಅವರ ಪಟ್ಟಿಗೆ ಸಿಗುವುದೇ ಇಲ್ಲ. ಈಗಾಗಲೇ ನಿಂತವರ ವಯಸ್ಸನ್ನು ಮಾತ್ರ ಕೂಡಿ ಭಾಗಿಸಿದರೆ ಸರಾಸರಿ ತಾನಾಗಿಯೇ ಕೆಳಗೆ ಬರುತ್ತದೆ. ಇನ್ನು, ಎಷ್ಟೋ ಹೆಂಗಸರು ವಯಸ್ಸನ್ನು ನೆನಪಿಟ್ಟುಕೊಳ್ಳುವುದು "ದೊಡ್ಡ ಮಗಳ ಮದುವೆ ವರ್ಷ" ಎಂಬ ಲೆಕ್ಕದಲ್ಲಿ. ಮಿಗಿಲಾಗಿ, ಗರ್ಭಕೋಶ ತೆಗೆಸಿಕೊಂಡವರನ್ನೂ ಮುಟ್ಟು ನಿಂತವರ ಜೊತೆ ಸೇರಿಸಿಬಿಟ್ಟರೆ ಲೆಕ್ಕ ಪೂರಾ ಕೆಡುತ್ತದೆ. ಹಾಗಾಗಿ 46 ಎನ್ನುವುದನ್ನು ಗಡಿಕಲ್ಲು ಎಂದುಕೊಳ್ಳಬೇಡಿ. 45ರಿಂದ 55ರೊಳಗೆ ಯಾವಾಗ ನಿಂತರೂ ಅದು ಸಹಜವೇ.

ನಿಜವಾಗಿ ಗಮನಿಸಬೇಕಾದ ಗೆರೆಗಳು ಎರಡು. 45ಕ್ಕೆ ಮುಂಚೆ ನಿಂತರೆ ಅದು ಬೇಗ. 40ಕ್ಕೆ ಮುಂಚೆ ನಿಂತರೆ ಅದು ತೀರಾ ಬೇಗ, ಅಕಾಲ. 40ರಿಂದ 45ರ ನಡುವೆ ನಿಲ್ಲುವವರು ಸುಮಾರು ನೂರಕ್ಕೆ ಐವರು. 40ಕ್ಕಿಂತ ಮುಂಚೆ ನಿಲ್ಲುವವರು ನೂರಕ್ಕೆ ಒಬ್ಬರು ಎಂದು ಪುಸ್ತಕಗಳಲ್ಲಿ ಬರೆಯುತ್ತಿದ್ದರು. ಈಚಿನ ಅಂದಾಜುಗಳು ಅದಕ್ಕಿಂತ ಜಾಸ್ತಿ ಇವೆ.

ಹುಟ್ಟುವಾಗಲೇ ತುಂಬಿಟ್ಟ ಕಣಜ

ಇದೆಲ್ಲ ಯಾಕೆ ಎಂದು ತಿಳಿಯಲು ಅಂಡಾಶಯವನ್ನು ಒಂದು ಕಣಜ ಎಂದುಕೊಳ್ಳಿ. ಈ ಕಣಜವನ್ನು ತುಂಬುವುದು ಒಂದೇ ಸಲ, ಹೆಣ್ಣುಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗ. ಐದನೇ ತಿಂಗಳ ಹೊತ್ತಿಗೆ ಅದರಲ್ಲಿ 60, 70 ಲಕ್ಷ ಅಂಡಾಣುಗಳಿರುತ್ತವೆ. ಆಮೇಲೆ ಖರ್ಚಷ್ಟೇ, ಜಮೆ ಇಲ್ಲ. ಹುಟ್ಟುವಾಗ 10ರಿಂದ 20 ಲಕ್ಷ, ಮೈನೆರೆಯುವಾಗ 3, 4 ಲಕ್ಷ. ಸುಮಾರು 1,000 ಉಳಿದಾಗ ಮುಟ್ಟು ನಿಲ್ಲುತ್ತದೆ.

ಒಂದು ಜೀವಮಾನದಲ್ಲಿ ಮಾಗಿ ಹೊರಬರುವ ಅಂಡಾಣುಗಳು ಬರೀ 400, 500. ಹಾಗಾದರೆ ಉಳಿದ ಲಕ್ಷಗಟ್ಟಲೆ ಏನಾದವು? ಅವು ಕಣಜದೊಳಗೇ ಸಾಯುತ್ತವೆ. ಪ್ರತಿ ತಿಂಗಳು ಒಂದು ಗುಂಪು ಬೆಳೆಯಲು ಹೊರಡುತ್ತದೆ, ಒಂದು ಗೆಲ್ಲುತ್ತದೆ, ಉಳಿದವು ಕರಗುತ್ತವೆ. ಇನ್ನೂ ಎಷ್ಟೋ ಬೆಳೆಯಲು ಹೊರಡುವ ಮೊದಲೇ ಹೋಗುತ್ತವೆ. ಮುಟ್ಟು ಬೇಗ ನಿಲ್ಲುವುದು, ತಡವಾಗಿ ನಿಲ್ಲುವುದು ಮುಖ್ಯವಾಗಿ ಈ ಸಾಯುವ ಲೆಕ್ಕದ ಮೇಲೆ ನಿಂತಿದೆ. ತುಂಬಿದ್ದು ಎಷ್ಟು, ದಿನಕ್ಕೆ ಸಾಯುವುದು ಎಷ್ಟು, ಮಧ್ಯದಲ್ಲಿ ಯಾರಾದರೂ ಕಣಜಕ್ಕೇ ಕೈ ಹಾಕಿದರಾ?

ತುಂಬುವುದು ಮತ್ತು ಸಾಯುವ ವೇಗ ಹೆಚ್ಚಾಗಿ ವಂಶದಿಂದ ಬರುತ್ತದೆ. ವೇಗವನ್ನು ಹೆಚ್ಚಿಸುವುದು ಹೊಗೆ. ಕಣಜಕ್ಕೆ ಕೈ ಹಾಕುವುದು ಆಪರೇಷನ್.

ಈ ಅಂಡಾಣುಗಳ ಸುತ್ತ ಇರುವ ಕೋಶಗಳೇ ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ಮಾಡುವುದು. ಕಣಜ ಖಾಲಿಯಾದರೆ ಈಸ್ಟ್ರೋಜೆನ್ ಬೀಳುತ್ತದೆ. ಮೈಗೆ ಇದ್ದಕ್ಕಿದ್ದಂತೆ ಝಳ ಬಡಿದಂತಾಗುವುದು, ರಾತ್ರಿ ಬೆವತು ಎಚ್ಚರವಾಗುವುದು, ಎದೆ ಢವಢವ, ಕೀಲುನೋವು, ಒಳಗೆ ಒಣಗಿದಂತಾಗುವುದು ಎಲ್ಲ ಅದರಿಂದಲೇ.

ಅಮ್ಮನಿಗೆ ಎಷ್ಟನೇ ವಯಸ್ಸಿಗೆ ನಿಂತಿತು?

ತಾಯಿಗೆ ಯಾವಾಗ ನಿಂತಿತೋ ಮಗಳಿಗೂ ಅದರ ಆಸುಪಾಸಿನಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚು. ಅವಳಿ ಮಕ್ಕಳನ್ನು, ತಾಯಿ ಮಗಳನ್ನು ಹೋಲಿಸಿ ನೋಡಿದ ಅಧ್ಯಯನಗಳ ಪ್ರಕಾರ ಈ ವಯಸ್ಸಿನ ವ್ಯತ್ಯಾಸದ ಸುಮಾರು ಅರ್ಧದಷ್ಟು ವಂಶವಾಹಿಗಳಿಂದ ಬರುತ್ತದೆ. ಇದು ಒಂದು ಜೀನಿನ ಆಟವಲ್ಲ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ನಮ್ಮ ಡಿಎನ್‌ಎಯಲ್ಲಿ ಇದಕ್ಕೆ ಸಂಬಂಧಪಟ್ಟ 290 ಜಾಗಗಳನ್ನು ಗುರುತಿಸಿತು. ಅವುಗಳಲ್ಲಿ ಬಹಳಷ್ಟು, ಹಾಳಾದ ಡಿಎನ್‌ಎಯನ್ನು ರಿಪೇರಿ ಮಾಡುವ ಕೆಲಸಕ್ಕೆ ಸೇರಿದವು. ಇದು ಅರ್ಥವಾಗುವಂಥದ್ದೇ. 40 ವರ್ಷದ ಹೆಂಗಸಿನ ಅಂಡಾಣುವಿಗೂ 40 ವರ್ಷ ವಯಸ್ಸು. ಅಷ್ಟು ದಿನ ಅದು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತಾ ಕುಳಿತಿರಬೇಕು. ರಿಪೇರಿ ಚೆನ್ನಾಗಿ ನಡೆಯದಿದ್ದರೆ ಅದು ಬೇಗ ಸಾಯುತ್ತದೆ.

ತಾಯಿಗೋ ಅಕ್ಕತಂಗಿಗೋ 45, 46ಕ್ಕೆ ಮುಂಚೆ ತಾನಾಗಿ ನಿಂತಿದ್ದರೆ ನಿಮಗೂ ಬೇಗ ನಿಲ್ಲುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ಸಾಧ್ಯತೆ ಜಾಸ್ತಿ ಎಂದರೆ ಖಂಡಿತ ಎಂದಲ್ಲ. ಆದರೆ ಮಕ್ಕಳನ್ನು ಮಾಡಿಕೊಳ್ಳುವುದನ್ನು 36, 37ಕ್ಕೆ ಮುಂದೂಡಬೇಕೆಂದಿರುವವರಿಗೆ ಇದು ಕೆಲಸಕ್ಕೆ ಬರುವ ಮಾಹಿತಿ. ಮುಟ್ಟು ನಿಲ್ಲುವುದಕ್ಕೆ ಎಷ್ಟೋ ವರ್ಷ ಮೊದಲೇ ಗರ್ಭ ನಿಲ್ಲುವುದು ಕಷ್ಟವಾಗುತ್ತಾ ಬರುತ್ತದೆ.

ಇಲ್ಲಿ ಎರಡು ಮಾತು ಸೇರಿಸಬೇಕು. ಮೊದಲನೆಯದು, ಅಮ್ಮನನ್ನು ಕೇಳುವಾಗ "ತಾನಾಗಿ ನಿಂತಿತಾ, ಆಪರೇಷನ್ ಆಗಿತ್ತಾ?" ಎಂದು ಬಿಡಿಸಿ ಕೇಳಿ. ಆಪರೇಷನ್‌ನಿಂದ ನಿಂತಿದ್ದರೆ ಅದು ವಂಶದ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದು, ಅಪ್ಪನ ಕಡೆಯನ್ನು ಮರೆಯಬೇಡಿ. ಅಪ್ಪನಿಗೆ ಮುಟ್ಟಿಲ್ಲ, ಆದರೆ ಅವನ ಜೀನುಗಳು ಮಗಳಿಗೆ ಬಂದಿವೆ. ಸೋದರತ್ತೆಯರಿಗೆ ಯಾವಾಗ ನಿಂತಿತು ಎನ್ನುವುದೂ ಲೆಕ್ಕವೇ.

ಅಪ್ಪನ ಕಡೆಯಿಂದಲೂ ಬರಬಹುದಾದ ಒಂದು ನಿರ್ದಿಷ್ಟ ಕಾರಣ ಹೇಳಿಬಿಡುತ್ತೇನೆ. ಎಕ್ಸ್ ಕ್ರೋಮೋಸೋಮಿನ ಮೇಲೆ ಎಫ್‌ಎಂಆರ್1 ಎಂಬ ಜೀನ್ ಇದೆ. ಅದರೊಳಗೆ ಮೂರಕ್ಷರದ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಅದು 55ರಿಂದ 200 ಸಲ ಬಂದಿರುವ ಹೆಂಗಸರಲ್ಲಿ ಐವರಲ್ಲಿ ಒಬ್ಬರಿಗೆ 40ಕ್ಕೆ ಮುಂಚೆಯೇ ಅಂಡಾಶಯ ಸೋಲುತ್ತದೆ. ಮುಂದಿನ ತಲೆಮಾರಿಗೆ ಹೋಗುವಾಗ ಆ ತುಣುಕು ಇನ್ನೂ ಉದ್ದವಾಗಿ 200 ದಾಟಿದರೆ, ಮಗುವಿಗೆ ಫ್ರಜೈಲ್ ಎಕ್ಸ್ ಎಂಬ ಬುದ್ಧಿಮಾಂದ್ಯತೆಯ ತೊಂದರೆ ಬರಬಹುದು. ಆದ್ದರಿಂದ ಒಂದೇ ಮನೆತನದಲ್ಲಿ ಅತ್ತೆಗೆ 37ಕ್ಕೇ ಮುಟ್ಟು ನಿಂತಿದ್ದು, ಇನ್ನೊಬ್ಬರ ಗಂಡುಮಗು ಮಾತು ಕಲಿಯುವುದು ತುಂಬಾ ತಡವಾಗಿದ್ದು, ಅಜ್ಜನಿಗೆ ವಯಸ್ಸಾದ ಮೇಲೆ ಕೈ ನಡುಗಿ ನಡಿಗೆ ತಪ್ಪಿದ್ದು ಇವೆಲ್ಲ ಬಿಡಿಬಿಡಿ ದುರದೃಷ್ಟಗಳಂತೆ ಕಂಡರೂ ಒಂದೇ ಜೀನಿನ ಬೇರೆ ಬೇರೆ ಮುಖ ಆಗಿರಬಹುದು. 40ಕ್ಕೆ ಮುಂಚೆ ಮುಟ್ಟು ನಿಂತವರಿಗೆ ವೈದ್ಯರು ಈ ಪರೀಕ್ಷೆ ಬರೆಯುವುದು ಇದಕ್ಕಾಗಿಯೇ.

ಹೊಗೆ ಒಳಗೆ ಹೋಗಿ ಏನು ಮಾಡುತ್ತದೆ

ಬೀಡಿ ಸಿಗರೇಟು ಸೇದುವ ಹೆಂಗಸರಿಗೆ ಮುಟ್ಟು ಸರಾಸರಿ ಒಂದರಿಂದ ಎರಡು ವರ್ಷ ಬೇಗ ನಿಲ್ಲುತ್ತದೆ. ಒಂದೆರಡು ವರ್ಷ ತಾನೇ ಎನ್ನಿಸಬಹುದು. ಆದರೆ ಅದು ಎಲ್ಲರನ್ನೂ ಸೇರಿಸಿದ ಸರಾಸರಿ. ಅಂಚಿನಲ್ಲಿರುವವರನ್ನು ನೋಡಿದರೆ ಚಿತ್ರ ಬೇರೆ. 45ಕ್ಕೆ ಮುಂಚೆಯೇ ನಿಲ್ಲುವ ಸಾಧ್ಯತೆ ಸೇದುವವರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಜಾಸ್ತಿ ಸೇದಿದಷ್ಟೂ, ಚಿಕ್ಕ ವಯಸ್ಸಿಗೆ ಶುರು ಮಾಡಿದಷ್ಟೂ ಏಟು ದೊಡ್ಡದು.

ಕೊಲ್ಲುವುದು ಹೇಗೆ ಎಂಬುದನ್ನು 2001ರ ಒಂದು ಸಂಶೋಧನೆ ಚೆನ್ನಾಗಿ ತೋರಿಸಿತು. ಎಲೆ ಸುಟ್ಟಾಗ ಹುಟ್ಟುವ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್ ಎಂಬ ರಾಸಾಯನಿಕಗಳು ರಕ್ತದಲ್ಲಿ ಸೇರಿ ಅಂಡಾಶಯ ತಲುಪುತ್ತವೆ. ಅಂಡಾಣುವಿನಲ್ಲಿ ಇವಕ್ಕೆ ಸರಿಯಾಗಿ ಕೂರುವ ಒಂದು ಗ್ರಾಹಕ ಇದೆ, ಬೀಗಕ್ಕೆ ಕೀಲಿಯ ಹಾಗೆ. ಅದು ತೆರೆದುಕೊಂಡರೆ ಬ್ಯಾಕ್ಸ್ ಎಂಬ ಜೀನ್ ಏಳುತ್ತದೆ. ಬ್ಯಾಕ್ಸ್ ಮಾಡುವ ಕೆಲಸ, ಕೋಶಕ್ಕೆ "ನೀನಿನ್ನು ಸಾಯಿ" ಎಂದು ಹೇಳುವುದು. ಬ್ಯಾಕ್ಸ್ ಜೀನ್ ಇಲ್ಲದ ಇಲಿಗಳಿಗೆ ಅದೇ ರಾಸಾಯನಿಕ ಕೊಟ್ಟಾಗ ಅಂಡಾಣುಗಳು ಉಳಿದವು. ಮನುಷ್ಯರ ಅಂಡಾಶಯದ ತುಣುಕನ್ನು ಇಲಿಯ ಮೈಯಲ್ಲಿ ನೆಟ್ಟು ನೋಡಿದಾಗಲೂ ಅಂಡಾಣುಗಳು ಇದೇ ದಾರಿಯಲ್ಲಿ ಸತ್ತವು.

"ನಮ್ಮ ಹೆಂಗಸರು ಎಲ್ಲಿ ಸೇದುತ್ತಾರೆ?" ಎಂದು ಕೇಳುವವರಿದ್ದಾರೆ. ಭಾರತದಲ್ಲಿ 2016-17ರ ತಂಬಾಕು ಸಮೀಕ್ಷೆಯ ಪ್ರಕಾರ ಸೇದುವ ಹೆಂಗಸರು ನೂರಕ್ಕೆ ಇಬ್ಬರು ಮಾತ್ರ. ಸರಿ. ಆದರೆ ಅದೇ ಸಮೀಕ್ಷೆಯಲ್ಲಿ, ಮನೆಯೊಳಗೆ ಬೇರೆಯವರ ಹೊಗೆ ಕುಡಿಯುತ್ತಿದ್ದ ವಯಸ್ಕರು ನೂರಕ್ಕೆ 39ರಷ್ಟು. ನಮಗೆ ಸಂಬಂಧಪಟ್ಟ ಸಂಖ್ಯೆ ಇದು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ದೊಡ್ಡ ಅಧ್ಯಯನದಲ್ಲಿ, ಜೀವನದಲ್ಲಿ ಒಂದೂ ಸಿಗರೇಟು ಸೇದದೆ ಬೇರೆಯವರ ಹೊಗೆಯನ್ನೇ ಅತಿ ಹೆಚ್ಚು ಕುಡಿದ ಹೆಂಗಸರಿಗೆ ಮುಟ್ಟು ಸುಮಾರು 13 ತಿಂಗಳು ಬೇಗ ನಿಂತಿತ್ತು. ರತ್ನಳ ಗಂಡ ಜಗಲಿಯಲ್ಲಿ ಅಲ್ಲ, ಒಳಮನೆಯಲ್ಲಿ ಸೇದುತ್ತಾನೆ. ಅವಳು ಆ ಗುಂಪಿನವಳು.

ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರ ವಿಷಯ ಬೇರೆ. ಅಲ್ಲಿ ಸುಡುವುದಿಲ್ಲ, ಹಾಗಾಗಿ ಮೇಲೆ ಹೇಳಿದ ದಾರಿ ಅದಕ್ಕೆ ಹಾಗೇ ಅನ್ವಯಿಸುವುದಿಲ್ಲ. ಬಾಯಿ ಕ್ಯಾನ್ಸರಿಗೆ ಅದು ದಾರಿ ಎನ್ನುವುದು ಎಲ್ಲರಿಗೂ ಗೊತ್ತು, ಬಿಡಲು ಅಷ್ಟೇ ಸಾಕು.

ಸತ್ತ ಅಂಡಾಣು ವಾಪಸ್ ಬರುವುದಿಲ್ಲ. ಆದರೆ ಬಿಟ್ಟರೆ ಸಾಯುವ ವೇಗ ಇಳಿಯುತ್ತದೆ. ಮುಟ್ಟು ನಿಲ್ಲುವ ಹತ್ತು ವರ್ಷಕ್ಕಿಂತ ಮುಂಚೆಯೇ ಬಿಟ್ಟವರು ಸೇದದವರಿಗೆ ಬಹಳ ಹತ್ತಿರ ಬರುತ್ತಾರೆ. ಅಂದರೆ ಇದನ್ನು ಕೇಳಿಸಿಕೊಳ್ಳಬೇಕಾದ ವಯಸ್ಸು 45 ಅಲ್ಲ, 30.

ಆಪರೇಷನ್: ಮೂರು ಬೇರೆ ಬೇರೆ ಕಥೆಗಳು

ನನ್ನ ಮಟ್ಟಿಗೆ ನಮ್ಮ ಕಡೆ ಹೆಚ್ಚು ಮಾತನಾಡಬೇಕಾದ್ದು ಇದರ ಬಗ್ಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಸುಮಾರು ನೂರಕ್ಕೆ ಮೂವರು ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಆಂಧ್ರದಲ್ಲಿ ಅದು ನೂರಕ್ಕೆ 9ರಷ್ಟು. ತೆಗೆಸಿಕೊಂಡವರಲ್ಲಿ ಅರ್ಧ ಜನ 34, 35 ತುಂಬುವ ಮೊದಲೇ ತೆಗೆಸಿಕೊಂಡಿದ್ದಾರೆ. ಮೂವತ್ತನಾಲ್ಕು! ಅಧಿಕ ರಕ್ತಸ್ರಾವವೇ ಅರ್ಧಕ್ಕಿಂತ ಹೆಚ್ಚಿನ ಜನ ಹೇಳಿದ ಕಾರಣ. ಕಲಬುರಗಿ ಜಿಲ್ಲೆಯ ತಾಂಡಾಗಳ ಎಷ್ಟೋ ಚಿಕ್ಕ ವಯಸ್ಸಿನ ಹೆಂಗಸರಿಗೆ ಹೀಗೆ ಆಪರೇಷನ್ ಆದದ್ದು 2015ರ ಹೊತ್ತಿಗೆ ಬೆಳಕಿಗೆ ಬಂತು. ಬಿಳುಪು ಹೋಗುತ್ತದೆ, ಹೊಟ್ಟೆನೋವು ಎಂದು ಹೋದವರಿಗೆ "ಬಿಟ್ಟರೆ ಕ್ಯಾನ್ಸರ್ ಆಗುತ್ತೆ" ಎಂಬ ಹೆದರಿಕೆ. ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ ಹೆಂಗಸರದ್ದೂ ಇದೇ ಕಥೆ. ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಮಾರ್ಗಸೂಚಿ ತಂದಿತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂರು ತಿಂಗಳಲ್ಲಿ ಜಾರಿ ಮಾಡಿ ಎಂದು ರಾಜ್ಯಗಳಿಗೆ ಹೇಳಿತು.

ಈಗ ವೈದ್ಯಕೀಯ ಲೆಕ್ಕಕ್ಕೆ ಬರೋಣ. "ಆಪರೇಷನ್ ಆಗಿದೆ" ಎಂದರೆ ಅದು ಮೂರು ಥರ ಇರಬಹುದು.

ಎರಡೂ ಅಂಡಾಶಯ ತೆಗೆದಿದ್ದರೆ ಕಣಜವನ್ನೇ ಹೊತ್ತೊಯ್ದ ಹಾಗೆ. ಈಸ್ಟ್ರೋಜೆನ್ ನಿಧಾನಕ್ಕೆ ಇಳಿಯುವುದಿಲ್ಲ, ಒಂದೆರಡು ದಿನಗಳಲ್ಲಿ ದಬಕ್ಕನೆ ಬೀಳುತ್ತದೆ. ಆಪರೇಷನ್ನಿನ ದಿನವೇ ಋತುಬಂಧದ ದಿನ. ಝಳ, ಬೆವರು, ನಿದ್ದೆಗೇಡು ಎಲ್ಲ ಸಹಜವಾಗಿ ನಿಂತವರಿಗಿಂತ ಜೋರಾಗಿರುತ್ತದೆ. 45ಕ್ಕೆ ಮುಂಚೆ ಹೀಗಾಗಿ, ಹೋದ ಹಾರ್ಮೋನನ್ನು ಔಷಧಿಯಾಗಿ ಕೊಡದೆ ಬಿಟ್ಟರೆ ಮೂಳೆ ಸವೆಯುವುದಷ್ಟೇ ಅಲ್ಲ, ಹೃದಯದ ಕಾಯಿಲೆಯ ಅಪಾಯವೂ ಹೆಚ್ಚುತ್ತದೆ.

ಎರಡನೆಯದು ಜನ ಅತಿ ಕಡಿಮೆ ತಿಳಿದುಕೊಂಡಿರುವುದು. ಗರ್ಭಕೋಶ ಮಾತ್ರ ತೆಗೆದು ಅಂಡಾಶಯ ಎರಡನ್ನೂ ಉಳಿಸಿದ್ದಾರೆ. ಮುಟ್ಟು ನಿಂತಿತು, ಆದರೆ ಅಂಡಾಶಯ ಒಳಗೆ ಕೆಲಸ ಮಾಡುತ್ತಲೇ ಇದೆ. ಇವಳಿಗೆ ಇನ್ನೂ ಋತುಬಂಧ ಆಗಿಲ್ಲ. ಆದರೆ ಹೀಗೆ ಉಳಿಸಿದ ಅಂಡಾಶಯವೂ ತನ್ನ ಪೂರ್ತಿ ಆಯಸ್ಸು ಬದುಕುವುದಿಲ್ಲ. ನ್ಯೂಜಿಲೆಂಡಿನ ಒಂದು ಅಧ್ಯಯನದಲ್ಲಿ ಇಂಥವರ ಅಂಡಾಶಯ ಸರಾಸರಿ 3.7 ವರ್ಷ ಮುಂಚೆ ಸೋತಿತ್ತು. ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಇಂಥ ಹೆಂಗಸರನ್ನು ನಾಲ್ಕು ವರ್ಷ ಹಿಂಬಾಲಿಸಿದಾಗ ಸುಮಾರು ನೂರಕ್ಕೆ 15 ಜನರ ಅಂಡಾಶಯ ಸೋತಿತ್ತು. ಆಪರೇಷನ್ ಆಗದವರಲ್ಲಿ ಅದು ನೂರಕ್ಕೆ 8.

ಯಾಕೆ ಹೀಗೆ? ಅಂಡಾಶಯಕ್ಕೆ ರಕ್ತ ಎರಡು ಕಡೆಯಿಂದ ಬರುತ್ತದೆ. ಒಂದು ಅದರದೇ ರಕ್ತನಾಳ, ಇನ್ನೊಂದು ಗರ್ಭಕೋಶದ ರಕ್ತನಾಳದಿಂದ ಮೇಲಕ್ಕೆ ಹೋಗುವ ಕವಲು. ಗರ್ಭಕೋಶ ತೆಗೆಯುವಾಗ ಈ ಎರಡನೆಯದನ್ನು ಕಟ್ಟಿ ಕತ್ತರಿಸಲೇಬೇಕು. ತೋಟಕ್ಕೆ ಎರಡು ಕಾಲುವೆ ಇದ್ದು ಒಂದನ್ನು ಮುಚ್ಚಿದ ಹಾಗೆ. ಆದರೆ ಪೂರ್ತಿ ತಪ್ಪನ್ನು ಆಪರೇಷನ್ ಮೇಲೇ ಹೊರಿಸಲು ಬರುವುದಿಲ್ಲ. ಅಷ್ಟು ರಕ್ತ ಹೋಗಲು ಕಾರಣವಾದ ಕಾಯಿಲೆಯೇ ಅಂಡಾಶಯವನ್ನೂ ಕೆಡಿಸಿರಬಹುದು.

ಮೂರನೆಯದು ಒಂದೇ ಅಂಡಾಶಯ ತೆಗೆದದ್ದು. ಅರ್ಧ ಕಣಜ ಹೋದರೆ ಅರ್ಧ ಆಯಸ್ಸು ಹೋಗುತ್ತದೆ ಎಂದು ಹೆದರಬೇಡಿ. ಉಳಿದದ್ದು ಖರ್ಚನ್ನು ಹಿಡಿತಕ್ಕೆ ತಂದುಕೊಳ್ಳುತ್ತದೆ. ಗರ್ಭಕೋಶ ಉಳಿದಿದ್ದು ಒಂದು ಅಂಡಾಶಯ ಮಾತ್ರ ಹೋದ ನಾರ್ವೆಯ ಹೆಂಗಸರಿಗೆ ಮುಟ್ಟು ಸುಮಾರು ಒಂದು ವರ್ಷ ಮುಂಚೆ ನಿಂತಿತ್ತು, ಅಷ್ಟೇ. ಆದರೆ ಗರ್ಭಕೋಶದ ಜೊತೆಗೆ ಒಂದು ಅಂಡಾಶಯವೂ ಹೋದರೆ ಏಟು ಜಾಸ್ತಿ.

ಇಲ್ಲೇ ಇನ್ನೊಂದು ಮಾತು. ಫ್ಯಾಮಿಲಿ ಪ್ಲಾನಿಂಗ್ ಆಪರೇಷನ್ ಮಾಡಿಸಿಕೊಂಡರೆ ಮುಟ್ಟು ಬೇಗ ನಿಲ್ಲುತ್ತದೆ ಎಂದು ಹಳ್ಳಿಯಲ್ಲೂ ಪೇಟೆಯಲ್ಲೂ ನಂಬುವವರಿದ್ದಾರೆ. ಅದಕ್ಕೆ ಆಧಾರ ಇಲ್ಲ. ಅಲ್ಲಿ ಕಟ್ಟುವುದು ಅಂಡಾಣು ಹೋಗುವ ನಾಳವನ್ನು, ಮುಟ್ಟುವುದು ಅಂಡಾಶಯವನ್ನಲ್ಲ.

ರತ್ನಳಿಗೆ ಏನಾಯಿತು

ಆಪರೇಷನ್ ಆಗಿ ನಾಲ್ಕು ವರ್ಷಕ್ಕೆ, 41ರಲ್ಲಿ, ರತ್ನಳಿಗೆ ರಾತ್ರಿ ಎರಡು ಗಂಟೆಗೆ ಬೆವತು ಎಚ್ಚರವಾಗತೊಡಗಿತು. ಎದೆ ಹೊಡೆದುಕೊಳ್ಳುತ್ತದೆ ಎಂದು ಇಸಿಜಿ ಮಾಡಿಸಿದಳು, ಸರಿ ಇತ್ತು. ಥೈರಾಯ್ಡ್ ನೋಡಿದರು, ಅದೂ ಸರಿ. ಶಕ್ತಿ ಮಾತ್ರೆ ಕೊಟ್ಟರು. ಮುಟ್ಟು ಇರುವ ಹೆಂಗಸಾಗಿದ್ದರೆ ತಿಂಗಳು ತಪ್ಪುವುದೇ ಸುಳಿವು ಕೊಡುತ್ತಿತ್ತು. ಗರ್ಭಕೋಶ ಇಲ್ಲದವಳಿಗೆ ಆ ಸುಳಿವೇ ಇಲ್ಲ. ಅವಳಿಗೂ ಹೊಳೆಯಲಿಲ್ಲ, ನೋಡಿದವರಿಗೂ ಹೊಳೆಯಲಿಲ್ಲ. ಮೂರು ವರ್ಷ ಹೀಗೇ ಕಳೆಯಿತು.

44ರಲ್ಲಿ ಅಂಗಳದಲ್ಲಿ ಕಾಲು ಜಾರಿ ಕೈ ಊರಿದಳು, ಮಣಿಕಟ್ಟು ಮುರಿಯಿತು. ಈ ವಯಸ್ಸಿಗೆ ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿಯಬಾರದು. ಅದನ್ನು ಗಮನಿಸಿದ ವೈದ್ಯೆ ಹಳೆಯ ಡಿಸ್ಚಾರ್ಜ್ ಕಾಗದ ತರಿಸಿದರು. ಅದರಲ್ಲಿ ಗರ್ಭಕೋಶದ ಜೊತೆಗೆ ಎಡಗಡೆಯ ಅಂಡಾಶಯವನ್ನೂ ತೆಗೆದದ್ದು ಬರೆದಿತ್ತು, ನೀರುಗುಳ್ಳೆ ಇದ್ದದ್ದಕ್ಕೆ. ರತ್ನಳಿಗೆ ಅದು ಗೊತ್ತೇ ಇರಲಿಲ್ಲ. "ಗರ್ಭಕೋಶ ತೆಗೆದಿದ್ದಾರೆ" ಅಷ್ಟೇ ಅವಳು ಕೇಳಿದ್ದು.

ಆಮೇಲೆ ಅವರು ಎಫ್‌ಎಸ್‌ಎಚ್ ಪರೀಕ್ಷೆ ಬರೆದರು. ಇದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಹಾರ್ಮೋನು, ಅಂಡಾಶಯಕ್ಕೆ ಕೆಲಸ ಹೇಳುವ ಮೇಸ್ತ್ರಿ. ಅಂಡಾಶಯ ಮಾತು ಕೇಳದಿದ್ದರೆ ಮೇಸ್ತ್ರಿ ಕೂಗು ಜೋರು ಮಾಡುತ್ತಾನೆ, ಎಫ್‌ಎಸ್‌ಎಚ್ ಏರುತ್ತದೆ. 25 ದಾಟಿದರೆ ಅನುಮಾನ. ರತ್ನಳದ್ದು 68 ಇತ್ತು, ಈಸ್ಟ್ರೋಜೆನ್ ತೀರಾ ಕೆಳಗಿತ್ತು. (45 ದಾಟಿದ, ಮುಟ್ಟು ಏರುಪೇರಾದ ಹೆಂಗಸಿಗೆ ಈ ಪರೀಕ್ಷೆ ಬೇಕಾಗುವುದಿಲ್ಲ. ಆ ವಯಸ್ಸಿನಲ್ಲಿ ಎಫ್‌ಎಸ್‌ಎಚ್ ವಾರಕ್ಕೊಂದು ಥರ ಇರುತ್ತದೆ, ಸುಮ್ನೆ ದುಡ್ಡು ಖರ್ಚು.) ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಅಂಕ ಮೈನಸ್ 2.6 ಬಂತು. ಮೈನಸ್ 2.5ಕ್ಕಿಂತ ಕೆಳಗೆ ಹೋದರೆ ಮೂಳೆ ಟೊಳ್ಳಾಗಿದೆ ಎಂದರ್ಥ.

ರತ್ನಳ ಅಂಡಾಶಯ ಬೇಗ ಸೋತದ್ದಕ್ಕೆ ಕಾರಣ ಯಾವುದು? ಅಮ್ಮನಿಂದ ಬಂದ ಜೀನಾ, ಗಂಡನ ಬೀಡಿಯಾ, ಆಪರೇಷನ್ನಾ? ಅಧ್ಯಯನಗಳ ವರ್ಷಗಳನ್ನು ತೆಗೆದುಕೊಂಡು ಹೊಗೆಗೆ ಒಂದು, ಆಪರೇಷನ್‌ಗೆ ನಾಲ್ಕು ಎಂದು ಕೂಡುತ್ತಾ ಹೋಗುವುದು ಸರಿಯಲ್ಲ. ಅವು ಸಾವಿರಾರು ಜನರ ಸರಾಸರಿಗಳು, ಒಬ್ಬಳ ಲೆಕ್ಕವಲ್ಲ. ಮೂರೂ ಒಂದೇ ಕಣಜದಿಂದ ತೆಗೆದವು ಎಂದಷ್ಟೇ ಹೇಳಬಹುದು. ಕಣಜ ಮೊದಲೇ ಬೇಗ ಖಾಲಿಯಾಗುವಂಥದ್ದಾದರೆ ಉಳಿದ ಎರಡರ ಏಟು ಇನ್ನೂ ಬೇಗ ಕಾಣುತ್ತದೆ.

ವೈದ್ಯೆ ಅವಳಿಗೆ ಈಸ್ಟ್ರೋಜೆನ್ ಶುರು ಮಾಡಿದರು, 50, 51 ವರ್ಷದವರೆಗೆ ಎಂದು. ಸಹಜವಾಗಿ ಆ ವಯಸ್ಸಿನವರೆಗೆ ಮೈಯಲ್ಲಿ ಇರಬೇಕಾಗಿದ್ದದ್ದನ್ನೇ ವಾಪಸ್ ಕೊಡುವುದು ಇದು. ಗರ್ಭಕೋಶ ಇಲ್ಲದ್ದರಿಂದ ಅವಳಿಗೆ ಈಸ್ಟ್ರೋಜೆನ್ ಒಂದೇ ಸಾಕು. ಗರ್ಭಕೋಶ ಇರುವವರಿಗೆ ಅದರ ಒಳಪದರ ಅತಿಯಾಗಿ ಬೆಳೆಯದಂತೆ ಪ್ರೊಜೆಸ್ಟೆರೋನ್ ಕೂಡ ಸೇರಿಸಲೇಬೇಕು. ಹಾರ್ಮೋನು ಮಾತ್ರೆ ಎಂದರೆ ಕ್ಯಾನ್ಸರ್ ಎಂಬ ಹೆದರಿಕೆ 2002ರಲ್ಲಿ ಅಮೆರಿಕದಲ್ಲಿ ನಿಲ್ಲಿಸಿದ ಒಂದು ಪ್ರಯೋಗದಿಂದ ಹರಡಿತು. ಆದರೆ ಅಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಆ ಫಲಿತಾಂಶವನ್ನು 44ರ ರತ್ನಳ ಮೇಲೆ ಹಾಕುವುದು ತಪ್ಪು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ, ಲಿವರ್ ಕಾಯಿಲೆ ಇರುವವರಿಗೆ ಮಾತ್ರ ಲೆಕ್ಕ ಬೇರೆ. ಅದಕ್ಕೇ ಅಂಗಡಿಯಿಂದ ತಾವೇ ತಂದು ನುಂಗುವ ಔಷಧಿ ಇದಲ್ಲ.

ರತ್ನಳಿಗೆ ಒಬ್ಬಳು ತಂಗಿ ಇದ್ದಾಳೆ, 38 ವರ್ಷ. ಅವಳಿಗೂ ಈಗ ಜಾಸ್ತಿ ಮುಟ್ಟು ಹೋಗುತ್ತಿದೆ, ಅವಳಿಗೂ ಗಡ್ಡೆ. ಊರಿನ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಯೋಣ ಎಂದಿದ್ದಾರೆ. ಈ ಸಲ ಅಕ್ಕ ಜೊತೆಗೆ ಹೋದಳು. ಅಮ್ಮನಿಗೆ 42ಕ್ಕೆ ತಾನಾಗಿ ನಿಂತದ್ದನ್ನು, ತನ್ನ ಅಂಡಾಶಯ 41ರಷ್ಟರಲ್ಲಿ ಸೋತದ್ದನ್ನು ಹೇಳಿದಳು. ಮೊದಲು ರಕ್ತ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ನೋಡಬಹುದಾ, ಕಾಪರ್-ಟಿ ತರಹ ಒಳಗೆ ಇಡುವ ಹಾರ್ಮೋನು ಸಾಧನ ಆಗುತ್ತದಾ, ಗಡ್ಡೆಯನ್ನಷ್ಟೇ ತೆಗೆಯಲು ಬರುತ್ತದಾ ಎಂದು ಕೇಳಿದಳು. ತೆಗೆಯಲೇಬೇಕು ಎಂದಾದರೆ ಅಂಡಾಶಯ ಎರಡೂ ಉಳಿಯುತ್ತವಾ, ಒಳಗೆ ನೋಡಿದ ಮೇಲೆ ತೆಗೆಯಬೇಕೆನಿಸಿದರೆ ಯಾವ ಕಾರಣಕ್ಕೆ ತೆಗೆಯುತ್ತೀರಿ ಎಂದೂ ಕೇಳಿದಳು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ತರುವ ಬಿಆರ್‌ಸಿಎ ಜೀನ್ ಇರುವವರಲ್ಲಿ ಒಳ್ಳೆಯ ಅಂಡಾಶಯವನ್ನೂ 35, 40ರ ನಂತರ ತೆಗೆಯಲು ಬಲವಾದ ಕಾರಣ ಇದೆ. ತಂಗಿಯ ಮನೆಯಲ್ಲಿ ಅಂಥ ಕ್ಯಾನ್ಸರ್ ಯಾರಿಗೂ ಇರಲಿಲ್ಲ.

ವೈದ್ಯರು ಆರು ತಿಂಗಳು ಹಾರ್ಮೋನು ಸಾಧನ ಇಟ್ಟು ನೋಡೋಣ ಎಂದು ಬರೆದುಕೊಟ್ಟರು. ಕೇಸ್ ಶೀಟಿನ ಮೇಲ್ತುದಿಯಲ್ಲಿ "ತಾಯಿಗೆ 42, ಅಕ್ಕನಿಗೆ 41" ಎಂದು ಗುರುತು ಹಾಕಿದರು.